ಲಾಗ್ ದೃಶ್ಯಗಳ ವರ್ಣ ಸಂಸ್ಕರಣೆ

ಸಂವೇದಕ ಗ್ರಹಿಸಿದ ಬೆಳಕಿನ ವಿಶಾಲ ವ್ಯಾಪ್ತಿಯನ್ನು ಲಾಗರಿದಮ್ ಮಾದರಿಯ ವಕ್ರರೇಖೆಯಲ್ಲಿ ಅಡಕಗೊಳಿಸಿ ದಾಖಲಿಸಿದ, ನೋಡಲು ಸಪ್ಪೆಯಾದ ವಿಡಿಯೊವನ್ನು ಲಾಗ್ ದೃಶ್ಯವೆನ್ನುತ್ತಾರೆ. ಸೋನಿಯ ಎಸ್-ಲಾಗ್3ರಲ್ಲಿ ಹತ್ತು ಬಿಟ್‌ನ 1024 ಮಟ್ಟಗಳ ಪೈಕಿ ಕಪ್ಪು 95ರಲ್ಲೂ, ಶೇ 90ರಷ್ಟು ಬೆಳಕನ್ನು ಪ್ರತಿಫಲಿಸುವ ಬಿಳಿ 598ರಲ್ಲೂ ನಿಲ್ಲುವುದರಿಂದ ಇವೆರಡರ ನಡುವೆ ಸುಮಾರು 500 ಮಟ್ಟಗಳಿರುತ್ತವೆ. ಎಂಟು ಬಿಟ್‌ನಲ್ಲಿ ಅದೇ ಹರವಿಗೆ ಉಳಿಯುವುದು ಸುಮಾರು 125 ಮಾತ್ರ. ಪ್ರತಿ ಬಣ್ಣದ ಮೌಲ್ಯಕ್ಕೆ ಬದಲಿ ಮೌಲ್ಯವನ್ನು ಸೂಚಿಸುವ ಕೋಷ್ಟಕವಾದ ಲಟ್ ಈ ಹರವನ್ನು ಪರದೆಗೆ ತಕ್ಕಂತೆ ಹಿಗ್ಗಿಸಿದಾಗ, ವಿರಳ ಮಟ್ಟಗಳ ನಡುವಿನ ಅಂತರ ಬೆಳೆದು, ಸಂಜೆಯ ಆಕಾಶದಂಥ ನಯವಾದ ಬಣ್ಣದಿಳಿಕೆಯಲ್ಲಿ ಪಟ್ಟೆಗಳು ಮೂಡುತ್ತವೆ; ಕಡತವನ್ನು ಆಮೇಲೆ ಹತ್ತು ಬಿಟ್‌ಗೆ ಪರಿವರ್ತಿಸಿದರೂ ಕಳೆದುಹೋದ ಮಟ್ಟಗಳು ಮರಳುವುದಿಲ್ಲ.

ನೆರಳಿನಲ್ಲಿ ಕಾಣುವ ಕೆಸರುಬಣ್ಣದ ನಾಯ್ಸ್ ಬೇರೆಯೇ ದೋಷ. ಅದರ ಮುಖ್ಯ ಕಾರಣ ಬೆಳಕಿನ ಕೊರತೆಯಾದ್ದರಿಂದ ಹತ್ತು ಬಿಟ್ ಅದನ್ನು ನೀಗಿಸದು. ಶೇ 18ರ ಬೂದು ಹಲಗೆ ವೇವ್‌ಫಾರ್ಮ್‌ನಲ್ಲಿ ನಿಯಮದಂತೆ ಶೇ 41ರಲ್ಲಿ ಕಾಣಬೇಕಾದರೂ, ಒಂದು ಸ್ಟಾಪ್ ಹೆಚ್ಚು ಬೆಳಕು ಕೊಟ್ಟು ಅದನ್ನು ಸುಮಾರು ಶೇ 49ಕ್ಕೆ ಏರಿಸಿದರೆ ನೆರಳು ಸ್ವಚ್ಛವಾಗುತ್ತದೆ, ಆದರೆ ಅತಿ ಪ್ರಕಾಶದ ಭಾಗದಲ್ಲಿ ಅಷ್ಟೇ ಅವಕಾಶ ಕುಗ್ಗುತ್ತದೆ. ಹೀಗೆ ಏರಿಸಿದ ಬೆಳಕನ್ನು ಸಂಕಲನದಲ್ಲಿ ಲಟ್‌ಗೆ ಮೊದಲೇ ತಗ್ಗಿಸಬೇಕು. ಲಟ್ ಒಮ್ಮೆ ಕತ್ತರಿಸಿದ ಬಿಳಿಯ ವಿವರಗಳು ಅದರ ನಂತರದ ತಿದ್ದುಪಡಿಗೆ ಸಿಗುವುದಿಲ್ಲ.