ಬೆವರಿನ ಉಪ್ಪು ಹೇಳಿದ ರೋಗ

ನಮ್ಮ ಬಳಗಾನೂರು ಕಡೆ ಏಪ್ರಿಲ್ ಬಂತೆಂದರೆ ಹೊಲದಿಂದ ಮರಳಿದವರ ಅಂಗಿಯ ಬೆನ್ನಮೇಲೆ ಬಿಳಿ ಗೆರೆಗಳು ಮೂಡಿರುತ್ತವೆ. ಬೆವರು ಆರಿ ಉಳಿದ ಉಪ್ಪು ಅದು, ರೋಗವೇನಲ್ಲ. ಆದರೆ ಬೆವರಿನ ಉಪ್ಪೇ ಒಂದು ರೋಗದ ಗುರುತಾದ ಕಥೆಯೊಂದಿದೆ. ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ಕಾಯಿಲೆಯ ಗುಟ್ಟು ರಟ್ಟಾದದ್ದು ಬಿಸಿಲಿನಿಂದಲೇ. ಬಿಸಿಲ ನಾಡಿನವನಾದ ನನ್ನನ್ನು ಈ ಕಥೆ ಹಿಡಿದು ನಿಲ್ಲಿಸಿದ್ದು ಅದಕ್ಕಾಗಿ.

1938ರಲ್ಲಿ ನ್ಯೂಯಾರ್ಕಿನ ಬೇಬೀಸ್ ಆಸ್ಪತ್ರೆಯ ಡೊರೊಥಿ ಆಂಡರ್ಸನ್, ಸೊರಗಿ ಸತ್ತ ಮಕ್ಕಳ ಮೇದೋಜೀರಕ ಗ್ರಂಥಿಯನ್ನು ಪರೀಕ್ಷಿಸಿ ಈ ರೋಗವನ್ನು ವಿವರಿಸಿದರು. ಗ್ರಂಥಿಯ ನಾಳಗಳು ಅಂಟಿನಂಥ ದ್ರವದಿಂದ ಮುಚ್ಚಿಹೋಗಿದ್ದವು. ಶ್ವಾಸಕೋಶದಲ್ಲೂ ಅಂಥದೇ ಅಂಟು ಕಫ. ಹಾಗಾಗಿ ಲೋಳೆ ಗಟ್ಟಿಯಾಗುವುದೇ ರೋಗದ ಮೂಲ ಎಂದು ವೈದ್ಯರು ನಂಬಿದರು.

1948ರ ಬೇಸಿಗೆಯಲ್ಲಿ ನ್ಯೂಯಾರ್ಕಿಗೆ ಉಷ್ಣಗಾಳಿ ಬಡಿಯಿತು. ಬಿಸಿಲಿಗೆ ಬಸವಳಿದು ಅದೇ ಆಸ್ಪತ್ರೆಗೆ ಬಂದ ಕೂಸುಗಳಲ್ಲಿ ಹಲವರಿಗೆ ಈ ರೋಗವಿತ್ತು. ಎಲ್ಲ ಮಕ್ಕಳಿಗೂ ತಟ್ಟಿದ ಬಿಸಿಲು ಇವರನ್ನೇ ಏಕೆ ಹೆಚ್ಚು ಕೆಡವಿತು? ಅಲ್ಲಿನ ವೈದ್ಯ ಪಾಲ್ ಡಿ ಸಾಂತಾಗ್ನೀಸೆ ಮತ್ತು ಸಂಗಡಿಗರು ಈ ಪ್ರಶ್ನೆಯನ್ನು ಬಿಡಲಿಲ್ಲ. ಈ ಮಕ್ಕಳ ಬೆವರಿನಲ್ಲಿ ಉಪ್ಪಿನಂಶ ಬಹಳ ಹೆಚ್ಚು ಎಂಬ ಉತ್ತರವನ್ನು 1953ರಲ್ಲಿ ಪ್ರಕಟಿಸಿದರು. ಬೆವರಿನಲ್ಲಿ ಲೋಳೆ ಇರುವುದಿಲ್ಲ. ಅಲ್ಲೂ ದೋಷವಿದೆ ಎಂದಮೇಲೆ ರೋಗದ ಬೇರು ಲೋಳೆಗಿಂತ ಆಳದಲ್ಲಿರಬೇಕು.

ಬೇರು ಸಿಕ್ಕಿದ್ದು ಮೂವತ್ತು ವರ್ಷಗಳ ನಂತರ. ಬೆವರು ಗ್ರಂಥಿಯ ತಳದಲ್ಲಿ ಹುಟ್ಟುವಾಗ ಎಲ್ಲರ ಬೆವರೂ ಉಪ್ಪೇ. ಚರ್ಮದತ್ತ ಏರುವ ದಾರಿಯಲ್ಲಿ ನಾಳದ ಗೋಡೆ ಉಪ್ಪನ್ನು ಮರಳಿ ಹೀರಿಕೊಳ್ಳುತ್ತದೆ. ಈ ರೋಗವಿದ್ದವರಲ್ಲಿ ಆ ಗೋಡೆ ಕ್ಲೋರೈಡನ್ನು ಒಳಬಿಡುವುದಿಲ್ಲ ಎಂದು 1983ರಲ್ಲಿ ಪಾಲ್ ಕ್ವಿಂಟನ್ ತೋರಿಸಿದರು. ಇದೇ ಬಾಗಿಲು ಶ್ವಾಸಕೋಶದಲ್ಲಿ ಕೆಟ್ಟಾಗ ಒಳಗೋಡೆಯ ಮೇಲಿನ ನೀರಿನ ಪದರ ಒಣಗುತ್ತದೆ, ಕಫ ಅಂಟಾಗಿ ನಿಲ್ಲುತ್ತದೆ, ಅದರಲ್ಲಿ ಸೋಂಕು ಬೇರೂರುತ್ತದೆ. ಉಪ್ಪು ಬೆವರಿಗೂ ಅಂಟು ಕಫಕ್ಕೂ ಕಾರಣ ಒಂದೇ.

ಬೆವರನ್ನು ಅಳೆಯುವುದು ಮಾತ್ರ ಸುಲಭವಿರಲಿಲ್ಲ. ಮೊದಮೊದಲು ಮಗುವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬೆವರಿಸುತ್ತಿದ್ದರು. ಅದು ಜೀವಕ್ಕೇ ಅಪಾಯ. 1959ರಲ್ಲಿ ಗಿಬ್ಸನ್ ಮತ್ತು ಕುಕ್ ಬೇರೆ ದಾರಿ ಕಂಡುಕೊಂಡರು. ಮುಂಗೈಗೆ ಪೈಲೋಕಾರ್ಪಿನ್ ಎಂಬ ಔಷಧಿ ಇಟ್ಟು ಐದು ನಿಮಿಷ ಸಣ್ಣ ವಿದ್ಯುತ್ ಹರಿಸಿದರೆ ಅಷ್ಟು ಜಾಗ ಮಾತ್ರ ಬೆವರುತ್ತದೆ. ಅಲ್ಲಿಗೆ ಮೊದಲೇ ತೂಗಿದ ಸೋಸುಕಾಗದವನ್ನಿಟ್ಟು, ಗಾಳಿಯಾಡದಂತೆ ಮುಚ್ಚಿ, ಅರ್ಧ ಗಂಟೆಯ ನಂತರ ಮತ್ತೆ ತೂಗುತ್ತಾರೆ. ಕನಿಷ್ಠ 75 ಮಿಲಿಗ್ರಾಂ ಬೆವರು ಬೇಕು. ಕಡಿಮೆಯಾದರೆ ಫಲಿತಾಂಶವನ್ನು ನಂಬುವಂತಿಲ್ಲ. ಮುಚ್ಚಳ ಸಡಿಲವಾಗಿ ನೀರು ಆವಿಯಾದರೆ ಉಪ್ಪು ಸುಳ್ಳಾಗಿ ಏರುತ್ತದೆ. ಮೈ ಊದಿಕೊಂಡ ಮಗುವಿನಲ್ಲಿ ಸುಳ್ಳಾಗಿ ಇಳಿಯಲೂಬಹುದು. ಲೀಟರಿಗೆ 30 ಮಿಲಿಮೋಲ್‌ಗಿಂತ ಕಡಿಮೆ ಕ್ಲೋರೈಡ್ ಇದ್ದರೆ ರೋಗದ ಸಾಧ್ಯತೆ ಕಡಿಮೆ. 60 ಅಥವಾ ಹೆಚ್ಚಿದ್ದರೆ ರೋಗವಿದೆಯೆಂದು ಬಲವಾದ ಸೂಚನೆ. ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ ಖಚಿತಪಡಿಸಿಕೊಳ್ಳುತ್ತಾರೆ. ನಡುವಿನದಕ್ಕೆ ಜೀನ್ ಪರೀಕ್ಷೆಯ ನೆರವು ಬೇಕು.

ಇದು ಬಿಳಿಯರ ರೋಗವೆಂಬ ನಂಬಿಕೆ ನಮ್ಮಲ್ಲಿ ಬಹುಕಾಲ ಇತ್ತು. 1968ರಲ್ಲಿ ಭಾಕೂ ಮತ್ತು ಸಂಗಡಿಗರು ಭಾರತದ ಮಕ್ಕಳಲ್ಲೂ ಇದೆ ಎಂದು ವರದಿ ಮಾಡಿದರು. ದುಬಾರಿ ಉಪಕರಣವಿಲ್ಲದೆ ಬೆವರು ಪರೀಕ್ಷೆ ಮಾಡುವ ದೇಶೀ ವಿಧಾನವನ್ನು ದೆಹಲಿಯ ಏಮ್ಸ್‌ನ ಕಾಬ್ರಾ ತಂಡ 2002ರಲ್ಲಿ ಪ್ರಕಟಿಸಿತು. ಆದರೂ ಪರೀಕ್ಷೆ ಮಾಡಬೇಕೆಂದು ಮೊದಲು ಯಾರಿಗಾದರೂ ಹೊಳೆಯಬೇಕಲ್ಲ!

ನಮ್ಮ ಸೀಮೆಯಲ್ಲೇ ಎಂಟು ತಿಂಗಳ ಕೂಸೊಂದನ್ನು ಊಹಿಸಿಕೊಳ್ಳಿ. ತೂಕ ಏರುತ್ತಿಲ್ಲ, ಮಲ ಜಿಡ್ಡುಜಿಡ್ಡು, ಕೆಮ್ಮು ಬಿಡುತ್ತಿಲ್ಲ. ಏಪ್ರಿಲ್‌ನಲ್ಲಿ ಒಂದು ದಿನ ಮಂಕಾಗಿ ಬಿದ್ದುಕೊಳ್ಳುತ್ತದೆ. ಬಿಸಿಲು ಹೊಡೆದಿದೆ ಎಂದು ಗ್ಲೂಕೋಸ್ ಏರಿಸಿ ಕಳಿಸುವುದು, ಕೆಮ್ಮಿಗೆ ಟಿ.ಬಿ. ಎನ್ನುವುದು ಸುಲಭ. ಆದರೆ ರಕ್ತ ಪರೀಕ್ಷೆಯಲ್ಲಿ ಸುಳಿವಿರುತ್ತದೆ. ಭೇದಿಯಿಂದ ನಿತ್ರಾಣವಾದ ಮಗುವಿನ ರಕ್ತ ಸಾಮಾನ್ಯವಾಗಿ ಆಮ್ಲದ ಕಡೆ ವಾಲುತ್ತದೆ. ಬೆವರಲ್ಲಿ ಉಪ್ಪು ಕಳೆದುಕೊಂಡ ಈ ಕೂಸಿನದು ಕ್ಷಾರದ ಕಡೆ. ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡ್ ಮೂರೂ ಕುಸಿದಿರುತ್ತವೆ. ವಾಂತಿಯೂ ಹೆಚ್ಚಿಲ್ಲದಿದ್ದರೆ ಮುಂದಿನ ಹೆಜ್ಜೆ ಬೆವರು ಪರೀಕ್ಷೆ.

ರೋಗ ಪತ್ತೆಯಾದ ಮೇಲೆ ಒಬ್ಬ ವೈದ್ಯರ ಕೈಯಲ್ಲಿ ಮುಗಿಯುವ ಕೆಲಸ ಇದಲ್ಲ. 1957ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಲೆರಾಯ್ ಮ್ಯಾಥ್ಯೂಸ್, ಮಗು ಕಾಯಿಲೆ ಬೀಳುವವರೆಗೆ ಕಾಯದೆ ಮೊದಲೇ ಎಲ್ಲ ಆರೈಕೆಯನ್ನೂ ಒಟ್ಟಿಗೆ ಶುರುಮಾಡುವ ಕ್ರಮ ತಂದರು. ಮಕ್ಕಳು ಹೆಚ್ಚು ಕಾಲ ಬದುಕತೊಡಗಿದರು. ಫಿಸಿಯೋಥೆರಪಿಸ್ಟ್ ಎದೆಯ ಕಫ ಸಡಿಲಿಸುವುದನ್ನು ಅಪ್ಪ ಅಮ್ಮನಿಗೆ ಕಲಿಸುತ್ತಾರೆ. ಅದನ್ನು ದಿನವೂ ಮಾಡಬೇಕು. ಆಹಾರ ತಜ್ಞರು ಪ್ರತಿ ಊಟಕ್ಕೂ ಕಿಣ್ವದ ಗುಳಿಗೆ, ಕೊಬ್ಬು, ಬೇಸಿಗೆಗೆ ಹೆಚ್ಚಿನ ಉಪ್ಪು ಇವುಗಳ ಲೆಕ್ಕ ಕೊಡುತ್ತಾರೆ. ವೈದ್ಯರು ಕೆಲವು ತಿಂಗಳಿಗೊಮ್ಮೆ ಕಫ ಪರೀಕ್ಷಿಸಿ, ಸೋಂಕು ಬಲಿಯುವ ಮೊದಲೇ ಔಷಧಿ ಬದಲಿಸುತ್ತಾರೆ. ಮನೆಯವರೇ ಈ ತಂಡದ ದೊಡ್ಡ ಪಾಲುದಾರರು.

ಹಸುಗೂಸಿಗೆ ಮುತ್ತಿಟ್ಟಾಗ ತುಟಿಗೆ ಉಪ್ಪು ಹತ್ತಿದರೆ ಆ ಮಗು ಬಾಳದೆಂಬ ನಂಬಿಕೆ ಹಿಂದೆ ಯುರೋಪಿನಲ್ಲಿತ್ತು. ಇಂದು ತಾಯಿಯೊಬ್ಬಳು ಅದೇ ಉಪ್ಪನ್ನು ಗಮನಿಸಿ ಬಾಯಿಬಿಟ್ಟು ಹೇಳಿದರೆ, ಅದು ಶಾಪವಾಗದೆ ವೈದ್ಯರಿಗೆ ಸಿಗುವ ಮೊದಲ ಸುಳಿವಾಗುತ್ತದೆ.