ಹಂತ ವಿವರಣೆ (ಪ್ರಬಂಧ ಮೌಲ್ಯಮಾಪನ)

ಪ್ರಬಂಧದ ಪ್ರತಿ ಮಾನದಂಡದಲ್ಲಿ ಯಾವ ಅಂಕಕ್ಕೆ ಎಂಥ ಬರಹವಿರಬೇಕು ಎಂದು ಹೇಳುವ ವಾಕ್ಯ. ಹಳಿಯಾಳ ತಾಲ್ಲೂಕಿನ ತೇರಗಾಂವದಲ್ಲಿ ಮಕ್ಕಳು ‘ಕಾಳಿ ನದಿ’ ಕುರಿತು ಬರೆದರೆ, ‘ವಿಷಯ ನಿರೂಪಣೆ’ ಸಾಲಿನ ಹಂತಗಳು ಹೀಗಿರಬಹುದು: 3 ಅಂಕಕ್ಕೆ ಎರಡು ಅಂಶ, ಎರಡಕ್ಕೂ ಉದಾಹರಣೆ, 2ಕ್ಕೆ ಒಂದಕ್ಕಷ್ಟೇ ಉದಾಹರಣೆ, 1ಕ್ಕೆ ಬರೀ ಹೇಳಿಕೆ. ‘ನದಿಯಿಂದ ವಿದ್ಯುತ್ತು ಸಿಗುತ್ತದೆ’ ಎಂಬುದು ಹೇಳಿಕೆ. ಸೂಪಾ ಅಣೆಕಟ್ಟೆಯನ್ನು ಹೆಸರಿಸಿದರೆ ಉದಾಹರಣೆ.

‘ಉತ್ತಮ’, ‘ಸಾಧಾರಣ’ ಎಂದಷ್ಟೇ ಇದ್ದರೆ ಶಿಕ್ಷಕರು ಈಗಷ್ಟೇ ಓದಿದ ಉತ್ತರಪತ್ರಿಕೆಗೆ ಹೋಲಿಸಿ ಅಂಕ ಕೊಡುವುದುಂಟು. ದುರ್ಬಲ ಕಟ್ಟಿನಲ್ಲಿ ಸಾಧಾರಣ ಬರಹಕ್ಕೂ 3 ಸಿಗಬಹುದು. ವಿವರಣೆಯಿದ್ದರೆ ಪ್ರತಿ ಕಟ್ಟಿಗೂ ಅದೇ ವಾಕ್ಯ ಅಳತೆಯಾಗುತ್ತದೆ.

ಅಳತೆ ಒಂದೇ ಆಗಿತ್ತೇ ಎಂದು ಪರೀಕ್ಷಿಸಲು ಮೊದಲ ಕಟ್ಟಿನ ಕೆಲವು ಪತ್ರಿಕೆಗಳನ್ನು ಅಂಕ ಮುಚ್ಚಿ ಕೊನೆಯ ಕಟ್ಟಿನೊಡನೆ ಮತ್ತೆ ತಿದ್ದಬೇಕು. ಹೆಚ್ಚಿನವುಗಳ ಅಂಕ ಒಂದೇ ದಿಕ್ಕಿಗೆ ಸರಿದಿದ್ದರೆ ಅಳತೆ ಜಾರಿದೆ. ಎರಡು ಹಂತಗಳ ಗಡಿಯಲ್ಲಿರುವ ಬರಹಕ್ಕೆ ವಿವರಣೆ ಸಾಲದು. ಅಂಕಸಹಿತ ಮಾದರಿ ಉತ್ತರವೂ ಬೇಕು.