ನಿರಿಗೆ ಎಲ್ಲಿ, ಸೆರಗು ಎಲ್ಲಿ: ಸೀರೆ ಉಡುವ ಬಗೆಗಳ ಲೆಕ್ಕ

ಭಾರತದಲ್ಲಿ ಸೀರೆ ಉಡುವ ಬಗೆಗಳು ನೂರಕ್ಕೂ ಹೆಚ್ಚು. ಫ್ರಾನ್ಸ್‌ನ ಮಾನವಶಾಸ್ತ್ರಜ್ಞೆ ಶಾಂತಾಲ್ ಬುಲಾಂಜೆ ಎಂಬತ್ತಕ್ಕೂ ಹೆಚ್ಚು ಬಗೆಗಳನ್ನು ಹಳ್ಳಿಹಳ್ಳಿ ಸುತ್ತಿ ದಾಖಲಿಸಿದರು. ಋತಾ ಕಪೂರ್ ಚಿಶ್ತಿ ಅವರ ಪಟ್ಟಿಯಲ್ಲಿ 108 ಇವೆ. ಅಷ್ಟನ್ನೂ ಒಂದೊಂದಾಗಿ ಹೇಳುತ್ತ ಹೋದರೆ ಹೆಸರುಗಳಷ್ಟೇ ನೆನಪಲ್ಲಿ ಉಳಿಯುತ್ತವೆ. ಅದಕ್ಕಿಂತ, ಯಾವ ಬಗೆಯಲ್ಲಿ ಬಟ್ಟೆ ಎಲ್ಲಿ ಖರ್ಚಾಗುತ್ತದೆ ಎಂದು ನೋಡುವುದು ಒಳ್ಳೆಯದು. ನಿರಿಗೆ ಎಷ್ಟು ಬರುತ್ತದೆ, ಸೆರಗು ಎಲ್ಲಿಯವರೆಗೆ ಇಳಿಯುತ್ತದೆ, ಸಿಗಿಸಿದ ಸೊಂಟ ಚಪ್ಪಟೆಯಾಗಿರುತ್ತದೋ ಉಬ್ಬಿರುತ್ತದೋ ಎಂಬ ಮೂರೂ ಒಂದೇ ಲೆಕ್ಕದ ಮೂರು ಸಾಲುಗಳು. ಒಂದು ಸಾಲಿನಲ್ಲಿ ಹೆಚ್ಚು ಖರ್ಚಾದರೆ ಇನ್ನೊಂದರಲ್ಲಿ ಕಡಿಮೆಯಾಗಲೇಬೇಕು.

ಬಟ್ಟೆಯ ಉದ್ದ

ಅಂಗಡಿಯಲ್ಲಿ ಕೊಳ್ಳುವ ಇಂದಿನ ಸೀರೆ ರವಿಕೆ ಬಟ್ಟೆ ಬಿಟ್ಟು ಸುಮಾರು ಐದೂವರೆ ಮೀಟರ್ ಇರುತ್ತದೆ. ಅದೇ ಆರು ಗಜದ ಸೀರೆ, ಹಳಬರ ಮಾತಿನಲ್ಲಿ ಹನ್ನೆರಡು ಮೊಳ. ಕಚ್ಚೆಗೆ ಬೇಕಾದದ್ದು ಒಂಬತ್ತು ಗಜ, ಅಂದರೆ ಹದಿನೆಂಟು ಮೊಳ, ಸುಮಾರು 8.2 ಮೀಟರ್. ಅಗಲ ಎರಡಕ್ಕೂ ಹೆಚ್ಚುಕಡಿಮೆ 115 ಸೆಂಟಿಮೀಟರ್. ಈ ಅಗಲವನ್ನು ಜನ ಮರೆಯುತ್ತಾರೆ. ಆದರೆ ಸೊಂಟ ದಪ್ಪಗೆ ಕಾಣುವುದಕ್ಕೆ ಅರ್ಧ ಕಾರಣ ಅದೇ.

ಎದುರು ನಿರಿಗೆ, ಎಡ ಸೆರಗು

ನಾವು ದಿನವೂ ಕಾಣುವ ಬಗೆಗೆ ನೀವಿ ಎಂಬ ಹೆಸರಿದೆ. ಆಂಧ್ರದ ಕಡೆಯ ರೂಢಿ ಎಂದು ಇದನ್ನು ಗುರುತಿಸುತ್ತಾರೆ. ಒಳ ತುದಿಯನ್ನು ಹೊಕ್ಕುಳ ಬಲಕ್ಕೆ ಸಿಗಿಸಿ, ಎಡದಿಂದ ಹಿಂದಕ್ಕೆ ಹೋಗಿ ಒಂದು ಸುತ್ತು ಮುಗಿಸಬೇಕು. ಆಮೇಲೆ ಸೆರಗನ್ನು ಅಳೆದು ಎಡ ಭುಜದ ಮೇಲೆ ಹಾಕಿ, ನಡುವೆ ಉಳಿದ ಬಟ್ಟೆಯನ್ನೆಲ್ಲ ನಿರಿಗೆ ಹಿಡಿಯಬೇಕು. ಈ ಅನುಕ್ರಮ ಮುಖ್ಯ. ಸುತ್ತು ಮತ್ತು ಸೆರಗು ತಮ್ಮ ಪಾಲು ತೆಗೆದುಕೊಂಡ ಮೇಲೆ ಉಳಿದದ್ದೇ ನಿರಿಗೆಯ ಪಾಲು.

ಒಂದು ಲೆಕ್ಕ ಹಾಕಿ ನೋಡೋಣ. ಉಡುವವರ ಸೊಂಟದ ಕೆಳಗಿನ ಸುತ್ತಳತೆ ಒಂದು ಮೀಟರ್ ಇದೆ ಎಂದುಕೊಳ್ಳಿ. ಮೊದಲ ಸುತ್ತಿಗೆ 105 ಸೆಂಟಿಮೀಟರ್ ಹೋಗುತ್ತದೆ. ನಿರಿಗೆಯ ಎಡಗಡೆಯಿಂದ ಹೊರಟ ಬಟ್ಟೆ ಬೆನ್ನು ಬಳಸಿ ಬಲ ಸೊಂಟಕ್ಕೆ ಬರಲು 80, ಅಲ್ಲಿಂದ ಎದೆಯ ಮೇಲೆ ಓರೆಯಾಗಿ ಎಡ ಭುಜ ಮುಟ್ಟಲು 65, ಹಿಂದೆ ಮೊಣಕಾಲಿನವರೆಗೆ ಸೆರಗು ಇಳಿಯಲು 105. ಎಲ್ಲ ಸೇರಿ 355. ಐದೂವರೆ ಮೀಟರಿನಲ್ಲಿ ಉಳಿದದ್ದು 195. ಹನ್ನೆರಡು ಸೆಂಟಿಮೀಟರ್ ಅಗಲದ ಒಂದು ನಿರಿಗೆ ಹೋಗಿ ಬರಲು ಸುಮಾರು 25 ಸೆಂಟಿಮೀಟರ್ ಬಟ್ಟೆ ಬೇಕು. ಅಲ್ಲಿಗೆ ಏಳು ನಿರಿಗೆ, ಬಿಗಿಯಾಗಿ ಮಡಿಸಿದರೆ ಎಂಟರ ಹತ್ತಿರ.

ಸುತ್ತಳತೆ 120 ಇರುವವರಿಗೆ ಇದೇ ಸೀರೆಯಲ್ಲಿ ಸುತ್ತುಗಳು ಮತ್ತು ಸೆರಗು ಸೇರಿ ಸುಮಾರು ನಾಲ್ಕು ಮೀಟರ್ ಖರ್ಚಾಗಿ, ಆರೇ ನಿರಿಗೆ ಬರುತ್ತದೆ. ಅವರು ನಿರಿಗೆ ಕಡಿಮೆ ಬಂತೆಂದು ಬೇಸರಪಡಬೇಕಿಲ್ಲ, ಸೀರೆ ಚಿಕ್ಕದು ಎಂದು ಅಂಗಡಿಯವರನ್ನು ದೂರಬೇಕಾಗಿಯೂ ಇಲ್ಲ. ಸೆರಗನ್ನು ಮೊಣಕಾಲಿಗಿಂತ ಒಂದು ಗೇಣು ಮೇಲಕ್ಕೆ ನಿಲ್ಲಿಸಿದರೆ ಒಂದು ನಿರಿಗೆ ಹೆಚ್ಚು ಸಿಗುತ್ತದೆ.

ಎಡ ಭುಜದ ಸೆರಗು ಊರೂರಿಗೆ ಹರಡಿದ್ದಕ್ಕೆ ಒಂದು ಹಿನ್ನೆಲೆ ಇದೆ. ಮೊದಲ ಭಾರತೀಯ ಐಸಿಎಸ್ ಅಧಿಕಾರಿ ಸತ್ಯೇಂದ್ರನಾಥ ಟಾಗೋರರ ಪತ್ನಿ ಜ್ಞಾನದಾನಂದಿನಿ ದೇವಿ 1860ರ ದಶಕದಲ್ಲಿ ಮುಂಬಯಿಯಲ್ಲಿ ಪಾರ್ಸಿ ಹೆಂಗಸರು ಉಡುವುದನ್ನು ಕಂಡರು. ಅದನ್ನು ಬದಲಿಸಿಕೊಂಡು, ಬಲಗೈಗೆ ಅಡ್ಡಿಯಾಗದಂತೆ ಸೆರಗನ್ನು ಎಡಕ್ಕೆ ತಂದು, ರವಿಕೆ ಮತ್ತು ಒಳಲಂಗದ ಜೊತೆ ಉಡುವ ಬಗೆಯನ್ನು ಬಂಗಾಳಕ್ಕೆ ಒಯ್ದರು. ಬ್ರಹ್ಮಸಮಾಜದ ಹೆಂಗಸರು ಅದನ್ನು ಮೊದಲು ಒಪ್ಪಿಕೊಂಡದ್ದರಿಂದ ಅದಕ್ಕೆ ಬ್ರಹ್ಮಿಕಾ ಸೀರೆ ಎಂದೇ ಹೆಸರಾಯಿತು. 

ಹಿಂದೆ ನಿರಿಗೆ, ಬಲ ಭುಜದಲ್ಲಿ ಗಂಟು

ಕೊಡಗಿನ ಬಗೆಯಲ್ಲಿ ನಿರಿಗೆ ಬೆನ್ನ ಕೆಳಗೆ, ಸೊಂಟದ ಹಿಂಬದಿಯಲ್ಲಿ ಕೂರುತ್ತದೆ. ಕಾವೇರಿ ನದಿಯಾಗಿ ಹರಿದಾಗ ನೀರಿನ ರಭಸಕ್ಕೆ ಹೆಂಗಸರ ನಿರಿಗೆ ಹಿಂದಕ್ಕೆ ಸರಿಯಿತು ಎಂಬ ಕಥೆಯನ್ನು ಕೊಡವರು ಇಂದಿಗೂ ಹೇಳುತ್ತಾರೆ. ಬೆಟ್ಟ ಹತ್ತಿ ಇಳಿಯುವಾಗ, ಗದ್ದೆಯಲ್ಲಿ ಬಗ್ಗುವಾಗ ಮುಂದಿನ ನಿರಿಗೆ ಕಾಲಿಗೆ ಸಿಕ್ಕುತ್ತದೆ, ಅದಕ್ಕಾಗಿ ಹಿಂದಕ್ಕೆ ಹೋಯಿತು ಎನ್ನುವವರೂ ಇದ್ದಾರೆ.

ಉಡುಗೆಯ ವಿನ್ಯಾಸವಾಗಿ ನೋಡಿದರೆ ಇದರಲ್ಲಿ ಎರಡು ಸಂಗತಿಗಳು ನನ್ನನ್ನು ಬಹಳ ಸೆಳೆಯುತ್ತವೆ. ಮೊದಲನೆಯದು ಸೆರಗಿನ ದಾರಿ. ಹಿಂದಿನಿಂದ ಮುಂದೆ ಬಂದ ಬಟ್ಟೆ ಎದೆಯನ್ನು ಬಳಸಿ, ಎಡ ಕಂಕುಳ ಕೆಳಗಿನಿಂದ ಬೆನ್ನಿಗೆ ಹೋಗುತ್ತದೆ. ಅಲ್ಲಿಂದ ತುದಿ ಮಾತ್ರ ಬಲ ಭುಜದ ಮೇಲೆ ಮುಂದಕ್ಕೆ ಬಂದು ಎದೆಯ ಮೇಲಿನ ಅಂಚಿಗೆ ಸೇರಿ ಪಿನ್ನಿನಲ್ಲಿ ನಿಲ್ಲುತ್ತದೆ. ಹಿಂದೆ ಗಂಟು ಹಾಕುತ್ತಿದ್ದರು, ಈಗ ಹೆಚ್ಚಿನವರು ಬ್ರೋಚು ಚುಚ್ಚುತ್ತಾರೆ. ನೀವಿಯಲ್ಲಿ ಬೆನ್ನ ಹಿಂದೆ ತೂಗುವ ಒಂದು ಮೀಟರ್ ಬಟ್ಟೆ ಇಲ್ಲಿ ಎದೆಯ ಸುತ್ತಿಗೇ ಹೋಗುತ್ತದೆ. ಆದ್ದರಿಂದ ನಿರಿಗೆಯ ಸಂಖ್ಯೆ ಹೆಚ್ಚೇನೂ ಬದಲಾಗದೆ ಐದರಿಂದ ಎಂಟರೊಳಗೆ ನಿಲ್ಲುತ್ತದೆ. ಬದಲಾಗುವುದು ಸೆರಗಿನ ನೋಟ. ಸೆರಗಿನ ತುಂಬ ಜರಿ ಕೆಲಸವಿರುವ ಸೀರೆಯನ್ನು ಈ ಬಗೆಯಲ್ಲಿ ಉಟ್ಟರೆ ಆ ಕೆಲಸದ ಬಹುಪಾಲು ಮಡಿಕೆಯೊಳಗೆ ಮರೆಯಾಗುತ್ತದೆ. ಅಂಚು ಚೆನ್ನಾಗಿರುವ, ಮೈಯಲ್ಲೆಲ್ಲ ಒಂದೇ ಬಗೆಯ ನೇಯ್ಗೆಯಿರುವ ಸೀರೆ ಇದಕ್ಕೆ ಹೆಚ್ಚು ಒಪ್ಪುತ್ತದೆ.

ಎರಡನೆಯದು ಸೊಂಟ. ಏಳು ನಿರಿಗೆ ಎಂದರೆ ಒಂದೇ ಕಡೆ ಹದಿನಾಲ್ಕು ಪದರ. ಮುಂದೆ ಸಿಗಿಸಿದರೆ ಅವು ಹೊಟ್ಟೆಯ ಮೇಲೆ ಕೂತು ಉಬ್ಬುತ್ತವೆ. ಹಿಂದೆ, ಬೆನ್ನು ಒಳಕ್ಕೆ ಬಾಗುವ ಜಾಗದಲ್ಲಿ ಸಿಗಿಸಿದರೆ ಆ ಬಾಗಿನೊಳಗೇ ಇಳಿದು ಕೂರುತ್ತವೆ. ಮುಂಭಾಗ ಹೊಟ್ಟೆಯಿಂದ ಪಾದದವರೆಗೆ ಒಂದೇ ಹಾಳೆಯಂತೆ ನಯವಾಗಿ ಕಾಣುತ್ತದೆ. ಇದಕ್ಕೊಂದು ಮಿತಿಯೂ ಇದೆ. ಕಾರಿನಲ್ಲಿ, ಕುರ್ಚಿಯಲ್ಲಿ ಒರಗಿ ಕೂತರೆ ನಿರಿಗೆ ನಲುಗುತ್ತದೆ, ಅದು ಸಡಿಲಾದರೆ ಉಟ್ಟವರ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೇ ಕೊಡಗಿನ ಮದುವೆ ಮನೆಯಲ್ಲಿ ಉಡಿಸಲು ಇನ್ನೊಬ್ಬರ ಕೈ ಇದ್ದರೆ ಕೆಲಸ ಹಗುರ.

ಹಿಂದಿನ ನಿರಿಗೆ ಕೊಡಗಿನದು ಮಾತ್ರವಲ್ಲ. ತಮಿಳುನಾಡಿನ ಪಿನ್‌ಕೊಸುವಂ ಬಗೆಯಲ್ಲೂ ನಿರಿಗೆ ಹಿಂದೆಯೇ ಇರುತ್ತದೆ. ಆದರೆ ಅಲ್ಲಿ ಅದರ ಮೇಲಿನ ಅಂಚು ಸೊಂಟದಿಂದ ಹೊರಕ್ಕೆ ಬೀಸಣಿಗೆಯಾಗಿ ಅರಳಿ ಕಾಣುತ್ತದೆ. ಕೊಡವರು ಅದನ್ನು ಒಳಕ್ಕೆ ಸೇರಿಸುತ್ತಾರೆ.

ಕಚ್ಚೆ

ಒಳಲಂಗದ ಲಾಡಿಯೇ ಇಲ್ಲದ ಉಡುಗೆ ಇದು. ಹಾಗಾಗಿ ಮೊದಲು ಬಟ್ಟೆಯನ್ನೇ ಹೊಕ್ಕುಳ ಬಳಿ ಬಿಗಿಯಾಗಿ ಗಂಟು ಹಾಕಬೇಕು. ಉಳಿದದ್ದೆಲ್ಲ ಆ ಗಂಟಿನ ಬಲದ ಮೇಲೆ ನಿಲ್ಲುತ್ತದೆ. ನಿರಿಗೆ ಹಿಡಿದು ಮುಂದೆ ಸಿಗಿಸಿ, ಅದರ ಕೆಳ ಅಂಚಿನ ನಡುಭಾಗವನ್ನು ಎತ್ತಿ ಕಾಲುಗಳ ನಡುವಿನಿಂದ ಹಿಂದಕ್ಕೆ ಎಳೆದು ಸೊಂಟದಲ್ಲಿ ಸಿಗಿಸಿದರೆ ಕಚ್ಚೆ. ಎರಡು ಕಾಲಿಗೂ ಬೇರೆಬೇರೆ ಬಟ್ಟೆ ಬೇಕಾಗುವುದರಿಂದ ಹದಿನೆಂಟು ಮೊಳ. ನಿರಿಗೆಯೂ ನೀವಿಗಿಂತ ಹೆಚ್ಚು ಬರುತ್ತದೆ, ಆದರೆ ಹಿಂದಕ್ಕೆ ಹೋದ ಮೇಲೆ ಎದುರಿಗೆ ಅದರ ಮೇಲುಭಾಗವಷ್ಟೇ ಕಾಣುತ್ತದೆ. ಹಿಂದೆ ಅಂಚಿನ ಪಟ್ಟಿ ಬೆನ್ನಹುರಿಯ ನೇರಕ್ಕೆ ಸೊಂಟದಿಂದ ಕೆಳಕ್ಕೆ ಇಳಿಯಬೇಕು. ಅದು ಓರೆಯಾದರೆ ಒಂದು ಕಾಲಿಗೆ ಬಟ್ಟೆ ಹೆಚ್ಚು ಹೋಗಿದೆ ಎಂದು ತಿಳಿಯಬಹುದು.

ಮಹಾರಾಷ್ಟ್ರದ ನೌವಾರಿ, ಉತ್ತರ ಕರ್ನಾಟಕದ ಕಚ್ಚೆ ಸೀರೆ, ತಮಿಳು ಬ್ರಾಹ್ಮಣರ ಮಡಿಸಾರು ಎಲ್ಲವೂ ಈ ಮನೆತನದವು. ನಮ್ಮ ಮಾಧ್ವ ಮನೆಗಳಲ್ಲಿ ಮುತ್ತೈದೆಯರು ಪೂಜೆಗೆ ಇಂದಿಗೂ ಕಚ್ಚೆ ಹಾಕುತ್ತಾರೆ. ಮಡಿಸಾರಿನಲ್ಲಿ ಸೆರಗು ಅಯ್ಯರ್ ಹೆಂಗಸರಿಗೆ ಬಲ ಭುಜದ ಮೇಲೆ, ಅಯ್ಯಂಗಾರ್ ಹೆಂಗಸರಿಗೆ ಎಡ ಭುಜದ ಮೇಲೆ. ಸೊಂಟದ ನೋಟದಲ್ಲಿ ಕಚ್ಚೆಯೇ ಎಲ್ಲಕ್ಕಿಂತ ದಪ್ಪ. ಮುಂದೆ ಗಂಟು ಮತ್ತು ನಿರಿಗೆ, ಹಿಂದೆ ಕಚ್ಚೆಯ ಕಟ್ಟು. ಮೆತ್ತಗಿನ, ಒಗೆದು ಹದವಾದ ಹತ್ತಿಯಲ್ಲಿ ಇದು ಹೊಂದಿಕೊಳ್ಳುತ್ತದೆ. ಹೊಸ ಗಂಜಿಯ ಸೀರೆಯಲ್ಲಿ ಮುದ್ದೆಯಾಗುತ್ತದೆ. ಹೊಸಬರು ಮಾಡುವ ದೊಡ್ಡ ತಪ್ಪು ನಿಂತೇ ಕಚ್ಚೆ ಬಿಗಿದುಬಿಡುವುದು. ಕೊನೆಯದಾಗಿ ಎಳೆಯುವ ಮುನ್ನ ಒಮ್ಮೆ ಕುಕ್ಕರಗಾಲಲ್ಲಿ ಕೂತು ಎದ್ದರೆ ಎಷ್ಟು ಸಡಿಲ ಬೇಕೆಂದು ಮೈಯೇ ಹೇಳುತ್ತದೆ.

ಗುಜರಾತ್ ಮತ್ತು ಬಂಗಾಳ

ಗುಜರಾತಿ ಬಗೆಯಲ್ಲಿ ನಿರಿಗೆ ನೀವಿಯಂತೆ ಎದುರಿಗೇ ಇರುತ್ತದೆ. ಸೆರಗು ಮಾತ್ರ ಹಿಂದಿನಿಂದ ಬಲ ಭುಜದ ಮೇಲೆ ಮುಂದಕ್ಕೆ ಬಂದು ಎದೆಯ ಮೇಲೆ ಹರಡಿ, ಒಂದು ಮೂಲೆ ಎಡ ಸೊಂಟದಲ್ಲಿ ಸಿಕ್ಕಿಕೊಳ್ಳುತ್ತದೆ. ಸೊಂಟವನ್ನು ಸೆರಗೇ ಮುಚ್ಚುವುದರಿಂದ ನಿರಿಗೆಯ ಉಬ್ಬು ಕಾಣುವುದಿಲ್ಲ. ಪಟೋಲದಂಥ ಸೀರೆಯ ಸೆರಗನ್ನು ಎದುರಿನಿಂದ ತೋರಿಸಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಬಂಗಾಳದ ಆಟ್‌ಪೌರೆಯಲ್ಲಿ ಸಣ್ಣ ನಿರಿಗೆಯೇ ಇಲ್ಲ. ಬಟ್ಟೆಯನ್ನು ಮುಂಭಾಗದಲ್ಲಿ ಎಡಕ್ಕೂ ಬಲಕ್ಕೂ ಅಗಲವಾಗಿ ಮಡಿಸಿ ಸಿಗಿಸುತ್ತಾರೆ. ಪದರಗಳು ಸೊಂಟದ ಅಗಲಕ್ಕೂ ಹಂಚಿಹೋಗುವುದರಿಂದ ಯಾವ ಒಂದು ಜಾಗವೂ ಉಬ್ಬುವುದಿಲ್ಲ. ನಿರಿಗೆಗೆ ಉಳಿಸಿದ ಬಟ್ಟೆ ಸೆರಗಿಗೆ ಹೋಗುತ್ತದೆ. ಅದು ಎಡ ಭುಜ ದಾಟಿ ಬೆನ್ನಿನ ಮೇಲಿಂದ ಬಲಗಡೆಗೆ, ಮತ್ತೆ ಮುಂದಕ್ಕೆ ಬರುತ್ತದೆ. ಆ ತುದಿಗೆ ಮನೆಯೊಡತಿ ಬೀಗದ ಕೈ ಗೊಂಚಲು ಕಟ್ಟುತ್ತಿದ್ದಳು.

ಸೊಂಟ ಉಬ್ಬಿದರೆ

ನೀವಿ ಉಟ್ಟವರ ಸೊಂಟ ದಪ್ಪಗೆ ಕಂಡರೆ ಮೊದಲು ನೋಡಬೇಕಾದದ್ದು ಉಬ್ಬು ಎಲ್ಲಿದೆ ಎಂಬುದನ್ನು. ಹೊಕ್ಕುಳ ಕೆಳಗೆ ಮಾತ್ರ ಇದ್ದರೆ ಅದು ನಿರಿಗೆಯ ಪದರ, ಇಲ್ಲವೇ ಅದರಡಿ ಸಿಕ್ಕಿಕೊಂಡ ಲಂಗದ ಲಾಡಿಯ ಗಂಟು. ಗಂಟನ್ನು ಪಕ್ಕಕ್ಕೆ ಸರಿಸಿ, ನಿರಿಗೆಯನ್ನು ಹನ್ನೆರಡರ ಬದಲು ಹದಿನೈದು ಸೆಂಟಿಮೀಟರ್ ಅಗಲಕ್ಕೆ ಹಿಡಿದರೆ ಅದೇ ಬಟ್ಟೆ ಆರು ನಿರಿಗೆಯಲ್ಲಿ ಮುಗಿದು ಎರಡು ಪದರ ಕಡಿಮೆಯಾಗುತ್ತದೆ.

ಉಬ್ಬು ಸುತ್ತಲೂ ಇದ್ದರೆ ಕಾರಣ ಸೀರೆಯ ಅಗಲ. ಸೊಂಟದಿಂದ ನೆಲಕ್ಕೆ 95 ಸೆಂಟಿಮೀಟರ್ ಇರುವವರು 115 ಅಗಲದ ಸೀರೆ ಉಟ್ಟರೆ ಇಪ್ಪತ್ತು ಸೆಂಟಿಮೀಟರ್ ಬಟ್ಟೆ ಲಂಗದೊಳಗೆ ಹೋಗಬೇಕು. ಅದನ್ನು ತುರುಕಿದರೆ ಸುಕ್ಕು ಕಟ್ಟಿ ಪಟ್ಟಿಯಂತೆ ಎದ್ದು ಕಾಣುತ್ತದೆ. ಸುತ್ತುವ ಮೊದಲೇ ಮೇಲಿನ ಅಂಚನ್ನು ಹತ್ತು ಸೆಂಟಿಮೀಟರ್ ಒಳಮುಖವಾಗಿ ನೇರ ಮಡಿಸಿ, ಆ ಮಡಿಕೆಯನ್ನೇ ಸಮವಾಗಿ ಸಿಗಿಸುತ್ತ ಹೋದರೆ ಚಪ್ಪಟೆಯಾಗಿ ಕೂರುತ್ತದೆ. ಚಪ್ಪಲಿ ಮೆಟ್ಟಿಕೊಂಡೇ ಅಳತೆ ನೋಡಬೇಕು.

ನಿರಿಗೆಯ ಕೆಳ ಅಂಚು ಎಡಗಡೆ ಮೇಲಕ್ಕೆದ್ದಿದ್ದರೆ ಸಿಗಿಸಿದ ಮೇಲೆ ಸೆರಗನ್ನು ಎಳೆದಿದ್ದಾರೆ ಎಂದರ್ಥ. ಆಗ ನಿರಿಗೆಯನ್ನು ಕೀಳಬೇಕಿಲ್ಲ. ಭುಜದ ಪಿನ್ನು ತೆಗೆದು ಸೆರಗನ್ನು ಎರಡು ಬೆರಳಿನಷ್ಟು ಸಡಿಲಿಸಿ ಮತ್ತೆ ಚುಚ್ಚಿದರೆ ಅಂಚು ತಾನಾಗಿ ನೆಲಕ್ಕೆ ಸಮನಾಗಿ ಇಳಿಯುತ್ತದೆ.